ಏಜೆನ್ಸಿ ಬಿಡುವ ದಿನದ ಲೆಕ್ಕ



ಅಮೃತಸರದ ಒಂದು ಗ್ಯಾಸ್ ಏಜೆನ್ಸಿಯ ಮೊಕದ್ದಮೆಯಿಂದ ಈ ಮಾತು ಶುರು ಮಾಡುತ್ತೇನೆ. ಮಾಹುಲ್ ಕಡೆಯ ರಿಫೈನರಿಯ ಬೆಂಕಿ ನೋಡುತ್ತ ಬೆಳೆದ ಚೆಂಬೂರಿನವರಿಗೆ ಗ್ಯಾಸಿನ ವ್ಯವಹಾರ ಹೊಸದಲ್ಲ. ಇಂಡಿಯನ್ ಆಯಿಲ್ ಕಂಪನಿ ಅಮೃತಸರ್ ಗ್ಯಾಸ್ ಸರ್ವಿಸ್ ಎಂಬ ವಿತರಕರ ಏಜೆನ್ಸಿಯನ್ನು ರದ್ದು ಮಾಡಿತು. ವಿವಾದ ಪಂಚಾಯ್ತಿದಾರರ ಮುಂದೆ ಹೋಯಿತು. ರದ್ದು ಮಾಡಿದ್ದು ಸರಿಯಲ್ಲ, ಏಜೆನ್ಸಿಯನ್ನು ವಾಪಸು ಕೊಡಿ ಎಂದು ಅವರು ತೀರ್ಪಿತ್ತರು. ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರ ಕಾನೂನು ವರದಿಗಳಲ್ಲಿ ಆ ತೀರ್ಪು ಸಿಗುತ್ತದೆ. ಕಂಪನಿಯ ತಪ್ಪನ್ನು ಕೋರ್ಟ್ ಅಲ್ಲಗಳೆಯಲಿಲ್ಲ. ಆದರೆ ಕರಾರಿನಲ್ಲಿ ಇನ್ನೊಂದು ಕಲಮು ಇತ್ತು: ಎರಡು ಪಕ್ಷಗಳಲ್ಲಿ ಯಾರು ಬೇಕಾದರೂ, ಕಾರಣ ಕೊಡದೆ, 30 ದಿನದ ನೋಟಿಸ್ ಕೊಟ್ಟು ಸಂಬಂಧ ಕಡಿದುಕೊಳ್ಳಬಹುದು. ಹಾಗೆ ಮುಗಿಸಬಹುದಾದ ಕರಾರನ್ನು ಕೋರ್ಟು ಬಲವಂತವಾಗಿ ಮುಂದುವರಿಸುವಂತಿಲ್ಲ, ವಿತರಕರಿಗೆ ಸಿಗಬಹುದಾದದ್ದು ಆ 30 ದಿನದ ಸಂಪಾದನೆ ಮಾತ್ರ ಎಂದು ನ್ಯಾಯಾಲಯ ಹೇಳಿತು.

ಗೆದ್ದವರಿಗೂ ಸಿಕ್ಕಿದ್ದು ಒಂದು ತಿಂಗಳ ಕಮಿಷನ್. ನಮ್ಮಲ್ಲಿ ಏಜೆನ್ಸಿ ಹಿಡಿಯುವವರು ಕರಾರಿನ ಮೊದಲ ಪುಟವನ್ನು ಮೂರು ಸಲ ಓದುತ್ತಾರೆ. ಮಾರ್ಜಿನ್ ಎಷ್ಟು, ಯಾವ ಏರಿಯಾ, ಇನ್ನೊಬ್ಬರಿಗೆ ಕೊಡುವುದಿಲ್ಲ ತಾನೆ ಎಂದು ಕೇಳುತ್ತಾರೆ. ಕೊನೆಯ ಪುಟದ ನೋಟಿಸ್ ಕಲಮಿನ ಹತ್ತಿರ ಬರುವಾಗ ಪೆನ್ನು ಆಗಲೇ ಕೈಯಲ್ಲಿರುತ್ತದೆ. ನನ್ನ ವಾದ ಇಷ್ಟೇ: ಮೊದಲ ಪುಟದಲ್ಲಿ ಕಂಪನಿ ಏನೇ ಕೊಟ್ಟಿದ್ದರೂ ಅದರ ಆಯುಷ್ಯ ಕೊನೆಯ ಪುಟದ ನೋಟಿಸಿನಷ್ಟೇ. ಆದ್ದರಿಂದ ಕರಾರನ್ನು ಹಿಂದಿನಿಂದ ಮುಂದಕ್ಕೆ ಓದಬೇಕು.

ಇದನ್ನು ಲೆಕ್ಕದಲ್ಲೇ ನೋಡೋಣ. ಒಂದು ಕಲ್ಪಿತ ಉದಾಹರಣೆ. ಕರಾವಳಿಯ ಒಂದು ಮಸಾಲೆ ಪುಡಿ ಕಂಪನಿ ಮುಂಬೈಗೆ ಕಾಲಿಡುತ್ತಿದೆ. ಚೆಂಬೂರಿನ ನಮ್ಮ ಹುಡುಗನೊಬ್ಬ ಅದರ ಸ್ಟಾಕಿಸ್ಟ್ ಆಗುತ್ತಾನೆ. ತಿಂಗಳ ಟಾರ್ಗೆಟ್ 10 ಲಕ್ಷ ರೂಪಾಯಿ, ಮಾರ್ಜಿನ್ ನೂರಕ್ಕೆ 10. ಅಂದರೆ ಟಾರ್ಗೆಟ್ ಮುಟ್ಟಿದರೆ ಕೈಗೆ 1 ಲಕ್ಷ. ಗೋಡೌನ್ ಬಾಡಿಗೆ 25,000, ಇಬ್ಬರು ಸೇಲ್ಸ್‌ಮನ್‌ಗಳಿಗೆ ತಲಾ 18,000, ಟೆಂಪೊಗೆ 15,000. ಒಟ್ಟು 76,000. ಇನ್ನು ಸಿಕ್ಕಿಬಿದ್ದ ದುಡ್ಡು: ಕಂಪನಿಗೆ ಠೇವಣಿ 2 ಲಕ್ಷ, ಹದಿನೈದು ದಿನದ ಸ್ಟಾಕು 5 ಲಕ್ಷ, ಅಂಗಡಿಗಳಲ್ಲಿ ಮೂರು ವಾರದ ಉಧಾರಿ 7 ಲಕ್ಷ. 14 ಲಕ್ಷಕ್ಕೆ ತಿಂಗಳಿಗೆ ಶೇಕಡಾ ಒಂದರಂತೆ ಬಡ್ಡಿ 14,000. ಎಲ್ಲ ಕಳೆದರೆ ಉಳಿಯುವುದು 10,000. ಹೌದು, ಹತ್ತು ಲಕ್ಷ ವ್ಯಾಪಾರಕ್ಕೆ ಹತ್ತು ಸಾವಿರ. ಇದೇ ಲೆಕ್ಕದಲ್ಲಿ ವ್ಯಾಪಾರ ಸುಮಾರು 9 ಲಕ್ಷಕ್ಕೆ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹೊಸ ಸರಕು ಮೊದಲ ತಿಂಗಳೇ 10 ಲಕ್ಷ ಓಡುವುದಿಲ್ಲ. ಮೊದಲ ಆರು ತಿಂಗಳು ಸರಾಸರಿ 6 ಲಕ್ಷ ಎಂದಿಟ್ಟುಕೊಳ್ಳಿ. ಆಗ ಸ್ಟಾಕು, ಉಧಾರಿ ಕಡಿಮೆಯಾಗಿ ಬಡ್ಡಿ ಇಳಿದರೂ ತಿಂಗಳಿಗೆ ಸುಮಾರು 25,000 ಕೈಯಿಂದ ಹೋಗುತ್ತದೆ, ಆರು ತಿಂಗಳಿಗೆ ಒಂದೂವರೆ ಲಕ್ಷ. ಏಳನೆಯ ತಿಂಗಳಿಂದ ಟಾರ್ಗೆಟ್ ಮುಟ್ಟಿದರೂ ತಿಂಗಳಿಗೆ 10,000ದಂತೆ ಆ ನಷ್ಟ ತುಂಬಲು ಇನ್ನೂ ಹದಿನೈದು ತಿಂಗಳು ಬೇಕು. ಇಪ್ಪತ್ತೊಂದು ತಿಂಗಳು ದುಡಿದ ಮೇಲೆ ನಮ್ಮ ಹುಡುಗ ಹೊರಟಲ್ಲಿಗೇ ಬಂದು ನಿಂತಿರುತ್ತಾನೆ.

ಈಗ 30 ದಿನದ ನೋಟಿಸ್ ಕಲಮನ್ನು ಈ ಲೆಕ್ಕದ ಪಕ್ಕದಲ್ಲಿಡಿ. ಎಂಟನೆಯ ತಿಂಗಳಲ್ಲಿ ಸರಕು ಓಡತೊಡಗಿದೆ, ಅಂಗಡಿಯವರು ಕೇಳಿ ತರಿಸುತ್ತಿದ್ದಾರೆ. ಆಗ ಕಂಪನಿಗೆ ದೊಡ್ಡ ಬಂಡವಾಳದ ಇನ್ನೊಬ್ಬ ಸ್ಟಾಕಿಸ್ಟ್ ಸಿಗುತ್ತಾನೆ. ಕಂಪನಿ ನೋಟಿಸ್ ಕೊಟ್ಟರೆ ಕರಾರನ್ನು ಮುರಿದಂತೆಯೂ ಆಗುವುದಿಲ್ಲ. ಆದ್ದರಿಂದ ಇಂಥ ಏಜೆನ್ಸಿಯಲ್ಲಿ ಕೇಳಬೇಕಾದ ಮೊದಲ ಮಾತು, ಮೊದಲ ಎರಡು ವರ್ಷ ತಪ್ಪಿಲ್ಲದೆ ರದ್ದು ಮಾಡುವಂತಿಲ್ಲ ಎಂಬುದು. ಆಮೇಲೆ ಕಾರಣವಿಲ್ಲದೆ ರದ್ದು ಮಾಡುವುದಿದ್ದರೆ 90 ದಿನದ ನೋಟಿಸ್. ತಪ್ಪು ಎಂದರೇನು ಎಂಬುದನ್ನೂ ಬರೆಯಬೇಕು: ಹಣ ಕಟ್ಟದಿರುವುದು, ನಕಲಿ ಸರಕು ಮಾರುವುದು, ಲೈಸೆನ್ಸ್ ಕಳೆದುಕೊಳ್ಳುವುದು. ‘ಕಂಪನಿಗೆ ಸಮಾಧಾನವಾಗದಿದ್ದರೆ’ ಎಂಬ ಒಂದು ಸಾಲು ಒಳಗೆ ನುಸುಳಿದ್ದರೆ ಎರಡು ವರ್ಷದ ರಕ್ಷಣೆ ನೀರಿಗೆ ಬಿತ್ತು. ಎರಡು ವರ್ಷ ಒಪ್ಪದ ಕಂಪನಿಯ ಹತ್ತಿರ ಇನ್ನೊಂದು ದಾರಿ ಕೇಳಬಹುದು: ಅವಧಿಗೆ ಮೊದಲು ಬಿಡಿಸಿದರೆ ಗೋಡೌನಿನ ಉಳಿದ ಬಾಡಿಗೆ ಅವಧಿಯ ಖರ್ಚನ್ನು, ಇಷ್ಟೇ ಎಂದು ಮೊತ್ತ ಬರೆದು, ಕಂಪನಿ ಕೊಡಬೇಕು.

ತೊಂಬತ್ತು ದಿನವೇ ಯಾಕೆ? ಅಂಗಡಿಯವನು ಹಳೆಯ ಬಿಲ್ಲಿನ ದುಡ್ಡನ್ನು ಯಾವಾಗ ಕೊಡುತ್ತಾನೆ ಎಂಬುದು ಚೆಂಬೂರಿನ ಬೀದಿಯಲ್ಲಿ ನಿಂತು ವಸೂಲಿ ಮಾಡಿದವರಿಗೆ ಗೊತ್ತು. ಮುಂದಿನ ಸರಕು ಬೇಕಾದಾಗ ಕೊಡುತ್ತಾನೆ. ಏಜೆನ್ಸಿ ಹೋಯಿತು ಎಂಬ ಸುದ್ದಿ ಸ್ಟೇಷನ್ ರಸ್ತೆಯಿಂದ ಡೈಮಂಡ್ ಗಾರ್ಡನ್ ತಲುಪಲು ಒಂದು ಮಧ್ಯಾಹ್ನ ಸಾಕು. ಆ ದಿನದಿಂದ ‘ನಾಳೆ ಬನ್ನಿ’ ಶುರುವಾಗುತ್ತದೆ. ಏಳು ಲಕ್ಷದ ಉಧಾರಿ ಇರುವವನಿಗೆ ಸರಕು ಪೂರೈಕೆ ನಿಲ್ಲದೆ ನಡೆಯುವ ಎರಡು ಮೂರು ವಸೂಲಿಯ ಸುತ್ತು ಬೇಕು. ಹಾಗಾಗಿ 90 ದಿನ ಎಂದು ಬರೆದರಷ್ಟೇ ಸಾಲದು. ಆ 90 ದಿನವೂ ಕಂಪನಿ ಹಿಂದಿನಂತೆ ಸರಕು ಕೊಡುತ್ತದೆ, ಹೊಸಬನಿಗೆ ಅದೇ ಏರಿಯಾದಲ್ಲಿ ಬಿಲ್ ಮಾಡುವುದಿಲ್ಲ ಎಂಬುದೂ ಇರಬೇಕು.

ಇನ್ನು ಗೋಡೌನಿನಲ್ಲಿರುವ ಸ್ಟಾಕು. ಬಿಲ್ಲಿನ ಬೆಲೆಗೇ ಕಂಪನಿ ವಾಪಸು ತೆಗೆದುಕೊಳ್ಳುತ್ತದೆಯೇ, ಸಾಗಾಟ ಯಾರದ್ದು, ಎಷ್ಟು ದಿನದೊಳಗೆ ದುಡ್ಡು? ಆಹಾರ ಪದಾರ್ಥವಾದ್ದರಿಂದ ಇಲ್ಲಿ ಇನ್ನೊಂದು ಗಂಟಿದೆ. ಅವಧಿ ಮುಗಿದ ಸರಕನ್ನು ಪೂರೈಸಿದರೆ 2006ರ ಆಹಾರ ಸುರಕ್ಷತಾ ಕಾಯಿದೆಯ 27ನೆಯ ಕಲಮಿನಂತೆ ವಿತರಕನೇ ಹೊಣೆ. ಆದ್ದರಿಂದ ಕಂಪನಿ ವಾಪಸು ಒಯ್ಯದ ಸ್ಟಾಕನ್ನು ಕೊನೆಗೆ ಹೇಗಾದರೂ ದಾಟಿಸಿಬಿಡೋಣ ಎಂದುಕೊಳ್ಳುವ ಹಾಗಿಲ್ಲ. ಗೋಡೌನಿನದ್ದು ಒಂದು, ಅಂಗಡಿಗಳ ಕಪಾಟಿನಲ್ಲಿರುವುದು ಇನ್ನೊಂದು. ಏಜೆನ್ಸಿ ಬಿಟ್ಟು ನಾಲ್ಕು ತಿಂಗಳಾದ ಮೇಲೂ ಅಂಗಡಿಯವನು ಎಕ್ಸ್‌ಪೈರಿ ಪ್ಯಾಕೆಟ್‌ಗಳ ಚೀಲ ತಂದು, ನೀವೇ ಕೊಟ್ಟದ್ದು ಎಂದು ಹಳೆಯ ಬಾಕಿಯಲ್ಲಿ ಹಿಡಿದುಕೊಳ್ಳುತ್ತಾನೆ. ಹೊಸ ಸ್ಟಾಕಿಸ್ಟ್ ಮುಟ್ಟುವುದಿಲ್ಲ. ಬಿಟ್ಟ ದಿನದಿಂದ ಆರು ತಿಂಗಳವರೆಗೆ ಬರುವ ಎಕ್ಸ್‌ಪೈರಿ ಕ್ಲೇಮ್ ಕಂಪನಿಯದ್ದು ಎಂದು ಒಂದು ಸಾಲು ಬರೆಸಿಕೊಂಡರೆ ಈ ತಲೆನೋವು ಇರುವುದಿಲ್ಲ. ಜಿಎಸ್‌ಟಿಯಲ್ಲೂ ಒಂದು ಗಡುವಿದೆ: ಒಂದು ಹಣಕಾಸು ವರ್ಷದ ಬಿಲ್ಲಿಗೆ ತೆರಿಗೆ ಇಳಿಸಿಕೊಳ್ಳುವಂಥ ಕ್ರೆಡಿಟ್ ನೋಟನ್ನು ಕಂಪನಿ ಮುಂದಿನ ನವೆಂಬರ್ 30ರೊಳಗೆ ತೋರಿಸಬೇಕು. ವಾಪಸಾತಿ ಎಳೆದಾಡುತ್ತ ಆ ದಿನ ದಾಟಿದರೆ ತೆರಿಗೆಯ ಭಾರ ಯಾರ ತಲೆಗೆ ಎಂಬ ಹೊಸ ಜಗಳ ಹುಟ್ಟುತ್ತದೆ.

ಹೊರಬರುವ ದಾರಿ ಗಟ್ಟಿಯಾದ ಮೇಲೆ ಟಾರ್ಗೆಟ್ಟಿಗೆ ಬರೋಣ. ಅದನ್ನು ಹೊರಹಾಕುವ ಬಾಗಿಲಾಗಿ ಬಳಸುವುದು ಸಾಮಾನ್ಯ. ಕರಾರಿನಲ್ಲಿ ‘ಟಾರ್ಗೆಟ್ ಮುಟ್ಟದಿದ್ದರೆ ರದ್ದು’ ಎಂದಿರುತ್ತದೆ. ಟಾರ್ಗೆಟ್ ಎಷ್ಟು ಎಂಬುದು ಮಾತ್ರ ‘ಕಂಪನಿ ಕಾಲಕಾಲಕ್ಕೆ ತಿಳಿಸಿದಂತೆ’. ಇದಕ್ಕೆ ಸಹಿ ಹಾಕುವುದೆಂದರೆ ಖಾಲಿ ಚೆಕ್ಕಿಗೆ ಸಹಿ ಹಾಕಿದ ಹಾಗೆ.

ಮತ್ತೊಂದು, ಅಳೆಯುವುದು ಏನನ್ನು? ಕಂಪನಿ ನಮಗೆ ಮಾಡುವ ಬಿಲ್ಲಿಗೆ ಪ್ರೈಮರಿ ಎನ್ನುತ್ತಾರೆ, ನಾವು ಅಂಗಡಿಗೆ ಮಾಡುವ ಬಿಲ್ಲಿಗೆ ಸೆಕೆಂಡರಿ. ಟಾರ್ಗೆಟ್ ಪ್ರೈಮರಿಯಲ್ಲಿದ್ದರೆ ತಿಂಗಳ ಕೊನೆಗೆ ಕಂಪನಿಯ ಸೇಲ್ಸ್ ಆಫೀಸರ್‌ನ ಫೋನು ಬರುತ್ತದೆ.

“ಅಣ್ಣಾ, ಇನ್ನು ಎರಡು ಲಕ್ಷ ಬಿಲ್ ಮಾಡಿಬಿಡ್ತೇನೆ. ಒಂದನೇ ತಾರೀಕು ಸ್ಕೀಮ್ ಬರ್ತದೆ, ಅಡ್ಜಸ್ಟ್ ಮಾಡುವ.”

“ಗೋಡೌನಿನಲ್ಲಿ ಜಾಗ ಇಲ್ಲ ಮಾರಾಯಾ. ಹೋದ ತಿಂಗಳ ಕ್ಲೇಮೇ ಬಂದಿಲ್ಲ.”

“ಈ ಒಂದು ಸಲ ಅಣ್ಣಾ, ನನ್ನ ಕೆಲಸದ ಪ್ರಶ್ನೆ.”

ಆ ಹುಡುಗನ ಕೆಲಸದ ಪ್ರಶ್ನೆ ನಿಜವೇ. ಆದರೆ ಎರಡು ಲಕ್ಷದ ಹೆಚ್ಚುವರಿ ಸ್ಟಾಕು ನಮ್ಮ ಸಿಸಿ ಅಕೌಂಟಿನಲ್ಲಿ ಕೂರುತ್ತದೆ, ಅದನ್ನು ಖಾಲಿ ಮಾಡಲು ಮಾರ್ಜಿನ್ ಬಿಟ್ಟುಕೊಟ್ಟು ಪಕ್ಕದ ಏರಿಯಾಕ್ಕೆ ಕದ್ದು ಮಾರಬೇಕಾಗುತ್ತದೆ. ಅಲ್ಲಿಂದ ಇನ್ನೊಂದು ಕಲಮು ಮುರಿಯುತ್ತದೆ. ಪರೀಕ್ಷೆ ಸುಲಭ: ಮೂರು ತಿಂಗಳ ಪ್ರೈಮರಿ ಮೊತ್ತ ಸೆಕೆಂಡರಿಗಿಂತ ಸತತವಾಗಿ ಮೇಲಿದ್ದರೆ ಆ ಟಾರ್ಗೆಟ್ ಮಾರುಕಟ್ಟೆಯಲ್ಲಿ ಮುಟ್ಟಿದ್ದಲ್ಲ, ಗೋಡೌನಿನಲ್ಲಿ ಮುಟ್ಟಿದ್ದು.

ಟಾರ್ಗೆಟ್ಟನ್ನು ಮೂರು ತಿಂಗಳಿಗೊಮ್ಮೆ, ಸೆಕೆಂಡರಿಯಲ್ಲಿ ಅಳೆಯುವುದು ಇಬ್ಬರಿಗೂ ಒಳ್ಳೆಯದು. ಮಳೆಗಾಲದಲ್ಲಿ ಕುರ್ಲಾ, ಚೆಂಬೂರು ನೀರಲ್ಲಿ ನಿಂತ ವಾರ ಹೋದರೂ ಮುಂದಿನ ವಾರಗಳಲ್ಲಿ ಸರಿಹೋಗುತ್ತದೆ. ಆರ್ಡರ್ ಕೊಟ್ಟರೂ ಕಂಪನಿ ಕಳಿಸದ ಸರಕಿನ ಮೊತ್ತವನ್ನು ಟಾರ್ಗೆಟ್ಟಿನಿಂದ ಕಳೆಯಬೇಕು. ಮುಟ್ಟದಿದ್ದರೆ ಏನು ಎಂಬುದಕ್ಕೂ ಮೆಟ್ಟಿಲಿರಲಿ: ಒಂದು ತ್ರೈಮಾಸಿಕ ತಪ್ಪಿದರೆ ಲಿಖಿತ ಸೂಚನೆ, ಎರಡು ಸತತವಾಗಿ ತಪ್ಪಿದರೆ ಏಕಮಾತ್ರ ಹಕ್ಕು ಹೋಗುತ್ತದೆ, ಏಜೆನ್ಸಿ ಉಳಿಯುತ್ತದೆ. ಕಂಪನಿಯ ಕಡೆಯಿಂದಲೂ ನ್ಯಾಯವಾದ ಮಾತಿದೆ. ಏರಿಯಾ ಹಿಡಿದು ಕೂತು, ತಾನೂ ಮಾರದೆ ಇನ್ನೊಬ್ಬನಿಗೂ ಬಿಡದ ಸ್ಟಾಕಿಸ್ಟ್‌ಗಳನ್ನು ನಾನೂ ನೋಡಿದ್ದೇನೆ. ಅಂಥವರ ವಿರುದ್ಧ ಕಂಪನಿಗೆ ರಕ್ಷಣೆ ಬೇಕೇ ಬೇಕು.

ಏರಿಯಾ ಎಂದಾಗ ‘ಮುಂಬೈ’ ಎಂದು ಬರೆದು ಮುಗಿಸಬೇಡಿ. ಚೆಂಬೂರು ಇರುವುದು ಮುಂಬೈ ಉಪನಗರ ಜಿಲ್ಲೆಯಲ್ಲಿ. ಖಾಡಿಯ ಸೇತುವೆ ದಾಟಿದರೆ ಸಿಗುವ ವಾಶಿ ಥಾಣೆ ಜಿಲ್ಲೆಯದ್ದು. ಮುಂಬೈ ಎಂಬ ಒಂದು ಶಬ್ದಕ್ಕೆ ಕಂಪನಿ ಒಂದು ಅರ್ಥ, ನೀವು ಇನ್ನೊಂದು ಅರ್ಥ ಹಚ್ಚಿಕೊಂಡಿರುತ್ತೀರಿ. ಪಿನ್ ಕೋಡ್ ಬರೆಯುವುದೇ ಲೇಸು: ಚೆಂಬೂರಿನ 400071, ತಿಲಕನಗರದ 400089, ಹೀಗೆ.

ಪಿನ್ ಕೋಡ್ ಹಾಕಿದರೂ ಹೋಟೆಲು ಉಳಿಯುತ್ತದೆ. ನಮ್ಮವರ ಹೋಟೆಲೊಂದು ಚೆಂಬೂರಿನಲ್ಲಿದೆ, ಶಾಖೆಗಳು ವಾಶಿಯಲ್ಲಿ, ನೆರೂಲಿನಲ್ಲಿ. ಖರೀದಿ ಎಲ್ಲ ಚೆಂಬೂರಿನಿಂದ. ಈ ವ್ಯಾಪಾರ ಯಾವ ಸ್ಟಾಕಿಸ್ಟ್‌ನದು? ಬಿಲ್ಲಿನ ವಿಳಾಸವೋ, ಸರಕು ಇಳಿಯುವ ವಿಳಾಸವೋ, ಒಂದನ್ನು ನಿರ್ಧರಿಸಿ. ಇದಕ್ಕಿಂತ ಕಷ್ಟದ್ದು ಇನ್ನೊಂದು: ಹೋಟೆಲಿನ ಯಜಮಾನರೂ ಕಂಪನಿಯ ಯಜಮಾನರೂ ಒಂದೇ ಊರಿನವರು. ಒಂದು ಫೋನು, ಹತ್ತು ಚೀಲ ಪುಡಿ ಊರಿನ ಬಸ್ಸಿನಲ್ಲಿ ನೇರ ಹೋಟೆಲಿಗೇ. ನಮ್ಮ ಹುಡುಗನ ಸೇಲ್ಸ್‌ಮನ್ ಮರುದಿನ ಹೋದರೆ ‘ಮಾಲು ಬಂದಿದೆ’ ಎನ್ನುತ್ತಾರೆ. ಇದು ದ್ರೋಹವೇನಲ್ಲ, ಹಳೆಯ ಸಂಬಂಧ. ಆದರೆ ‘ಇನ್ನೊಬ್ಬ ವಿತರಕನನ್ನು ನೇಮಿಸುವುದಿಲ್ಲ’ ಎಂಬ ಕಲಮು ಕಂಪನಿ ತಾನೇ ಮಾರುವುದನ್ನು ತಡೆಯುವುದಿಲ್ಲ ಎಂಬುದು ಇಂಥ ದಿನ ಗೊತ್ತಾಗುತ್ತದೆ. ನೇರ ಪಡೆಯುವ ಹೋಟೆಲುಗಳ ಹೆಸರಿನ ಪಟ್ಟಿಯನ್ನು ಕರಾರಿಗೆ ಲಗತ್ತಿಸಿ, ಪಟ್ಟಿಯಾಚೆಯ ನೇರ ಮಾರಾಟಕ್ಕೆ ಸ್ಟಾಕಿಸ್ಟ್‌ಗೆ ಶೇಕಡಾ ಇಷ್ಟು ಎಂದು ಬರೆದರೆ ಸಂಬಂಧವೂ ಉಳಿಯುತ್ತದೆ, ವ್ಯಾಪಾರವೂ.

ಆನ್‌ಲೈನಿನದೂ ಇದೇ ಪ್ರಶ್ನೆ, ಪ್ರಮಾಣ ಮಾತ್ರ ದೊಡ್ಡದು. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಕಂಪನಿಯ ಗೋಡೌನು ನಿಮ್ಮದೇ ಪಿನ್ ಕೋಡಿನಲ್ಲಿದ್ದು, ಅದಕ್ಕೆ ಸರಕು ಬೇರೆ ಕಡೆಯಿಂದ ನಿಮ್ಮ ಖರೀದಿ ದರಕ್ಕಿಂತ ಕಡಿಮೆಗೆ ಬಂದರೆ ನಿಮ್ಮ ಏಕಮಾತ್ರ ಹಕ್ಕಿಗೆ ಅರ್ಥವೇನು? ದೊಡ್ಡ ಕಂಪನಿಗಳ ವಿತರಕರೂ ಇದೇ ನೋವು ಹೇಳಿಕೊಂಡವರು. 2021ರ ಕೊನೆಯಲ್ಲಿ ದೇಶದ ವಿತರಕರ ಒಕ್ಕೂಟ, ಸಗಟು ಆನ್‌ಲೈನ್ ಕಂಪನಿಗಳಿಗೂ ನಮಗೂ ಒಂದೇ ದರ ಕೊಡಿ ಎಂದು ಕಂಪನಿಗಳಿಗೆ ಪತ್ರ ಬರೆಯಿತು. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಕೋಲ್ಗೇಟಿನ ಸರಕನ್ನು ನಿಲ್ಲಿಸಿ ಪ್ರತಿಭಟಿಸಿದರು. ಒಬ್ಬ ಸಣ್ಣ ಸ್ಟಾಕಿಸ್ಟ್‌ಗೆ ಸರಕು ನಿಲ್ಲಿಸುವ ಶಕ್ತಿಯಿಲ್ಲ. ಅವನು ಕೇಳಬಹುದಾದದ್ದು ಎರಡೇ: ತನ್ನ ಏರಿಯಾದ ಆನ್‌ಲೈನ್ ಗೋಡೌನಿಗೆ ತಾನೇ ಪೂರೈಸುವ ಅವಕಾಶ, ಅದಿಲ್ಲವಾದರೆ ಆ ಮಾರಾಟದ ಮೊತ್ತಕ್ಕೆ ತಕ್ಕಂತೆ ಟಾರ್ಗೆಟ್ಟಿನಲ್ಲಿ ಕಡಿತ.

ಹಕ್ಕು ಕೊಡುವ ಕಂಪನಿ ಪ್ರತಿಯಾಗಿ ‘ನೀನೂ ಬೇರೆಯವರ ಮಸಾಲೆ ಮಾರಬಾರದು’ ಎನ್ನುತ್ತದೆ. ಇದು ಕಾನೂನಿನಲ್ಲಿ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಕೊಟ್ಟ ದೊಡ್ಡ ಮೊಕದ್ದಮೆ ನಮ್ಮ ಬಾಂಬೆ ಹೈಕೋರ್ಟಿನಿಂದಲೇ ಹೋದದ್ದು. 1993ರಲ್ಲಿ ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಹೆಸರುಗಳು ಕೋಕಾ ಕೋಲಾ ಪಾಲಾದವು. ಅವುಗಳನ್ನು ಬಾಟಲಿಗೆ ತುಂಬಿ ಮಾರುತ್ತಿದ್ದ ಗುಜರಾತ್ ಬಾಟ್ಲಿಂಗ್ ಕಂಪನಿ ಕೋಕಾ ಕೋಲಾದೊಂದಿಗೆ ಕರಾರು ಮಾಡಿಕೊಂಡಿತು: ಕರಾರಿನ ಅವಧಿಯಲ್ಲಿ ಬೇರೆಯವರ ಪಾನೀಯ ಮುಟ್ಟುವುದಿಲ್ಲ, ಬಿಡುವುದಾದರೆ ಒಂದು ವರ್ಷದ ನೋಟಿಸ್. ಆಮೇಲೆ ಆ ಕಂಪನಿಯ ಷೇರುಗಳು ಪೆಪ್ಸಿಯ ಕಡೆಯವರಿಗೆ ಹೋದವು. ಇನ್ನೊಂದು ಕರಾರಿನ ಪತ್ರದಲ್ಲಿ 90 ದಿನದ ನೋಟಿಸ್ ಎಂದಿತ್ತು. ಅದನ್ನೇ ಹಿಡಿದು ಅವರು ಹೊರಬರಲು ನೋಡಿದರು. 1995ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೋಕಾ ಕೋಲಾ ಪಡೆದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಕರಾರು ಜೀವಂತವಿರುವಷ್ಟು ಕಾಲ, ನೋಟಿಸಿನ ಅವಧಿಯೂ ಸೇರಿ, ಇಂಥ ನಿರ್ಬಂಧ ವ್ಯಾಪಾರಕ್ಕೆ ಅಡ್ಡಿ ಎನಿಸುವುದಿಲ್ಲ ಎಂಬುದು ಅದರ ಸಾರ. ಅದು ಬಾಟ್ಲಿಂಗ್ ಕರಾರು, ಸ್ಟಾಕಿಸ್ಟ್‌ನದಲ್ಲ, ಆದರೂ ತತ್ವ ಒಂದೇ. ಕರಾರು ಮುಗಿದ ಮೇಲಿನ ನಿರ್ಬಂಧ ಬೇರೆ ಮಾತು. ‘ಬಿಟ್ಟ ಮೇಲೂ ಎರಡು ವರ್ಷ ಬೇರೆ ಮಸಾಲೆ ಮಾರಬಾರದು’ ಎಂಬ ಸಾಲು 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ನಿಲ್ಲುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಅವರ ಜಾಹೀರಾತು ಕರಾರಿನ ಮೊಕದ್ದಮೆಯಲ್ಲೂ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು.

ಈ ಪಾನೀಯದ ಜಗಳದಲ್ಲಿ ನನಗೆ ಹೆಚ್ಚು ಪಾಠವೆನಿಸುವುದು ಎರಡು ಪತ್ರ, ಎರಡು ನೋಟಿಸಿನ ಸಂಗತಿ. ನಮ್ಮಲ್ಲೂ ಮೂಲ ಕರಾರು ಒಂದು, ಆಮೇಲೆ ಬಂದ ಅಪಾಯಿಂಟ್‌ಮೆಂಟ್ ಲೆಟರ್ ಒಂದು, ಪ್ರತಿ ವರ್ಷದ ಟಾರ್ಗೆಟ್ ಲೆಟರ್ ಇನ್ನೊಂದು ಇರುತ್ತದೆ. ಒಂದಕ್ಕೊಂದು ತಾಳೆಯಿಲ್ಲ. ಭಿನ್ನವಾದರೆ ಯಾವ ಪತ್ರ ಮೇಲು ಎಂದು ಮೂಲ ಕರಾರಿನಲ್ಲೇ ಹೇಳಿಸಿ.

ಕೋರ್ಟು ಯಾವ ಊರಿನದು ಎಂಬ ಸಾಲನ್ನೂ ಯಾರೂ ನೋಡುವುದಿಲ್ಲ. ಜೈಪುರದ ಸ್ವಸ್ತಿಕ್ ಗ್ಯಾಸಸ್ ಎಂಬ ಸಂಸ್ಥೆ ಇಂಡಿಯನ್ ಆಯಿಲ್‌ನ ಏಜೆಂಟ್ ಆಗಿತ್ತು. ಕರಾರಿನಲ್ಲಿ ಕೋಲ್ಕತ್ತದ ನ್ಯಾಯಾಲಯ ಎಂದಿತ್ತು, ‘ಮಾತ್ರ’ ಎಂಬ ಶಬ್ದವಿರಲಿಲ್ಲ. ಆದರೂ ಕೋಲ್ಕತ್ತಕ್ಕೇ ಹೋಗಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಕರಾರಿನಲ್ಲಿ ಮಂಗಳೂರು ಎಂದಿದ್ದರೆ ಪ್ರತಿ ತಾರೀಕಿಗೂ ತಿಲಕನಗರದ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಬೇಕಾದೀತು. ಎರಡು ಲಕ್ಷದ ಠೇವಣಿಗಾಗಿ ಯಾರೂ ಹಾಗೆ ಹೋಗುವುದಿಲ್ಲ, ಕಂಪನಿಗೂ ಅದು ಗೊತ್ತು.

ಕೊನೆಗೆ ಚೆಕ್ಕುಗಳು. ಏಜೆನ್ಸಿ ಕೊಡುವಾಗ ಭದ್ರತೆಗೆಂದು ಸಹಿ ಹಾಕಿದ ಎರಡು ಮೂರು ಚೆಕ್ ಪಡೆಯುವುದು ರೂಢಿ. ‘ಅದು ಬರೀ ಸೆಕ್ಯುರಿಟಿ’ ಎಂಬ ಮಾತಿಗೆ ಮರುಳಾಗಬೇಡಿ. ಬಾಕಿ ನಿಜವಾಗಿ ತೀರಬೇಕಾದ ದಿನ ದಾಟಿದ್ದರೆ ಭದ್ರತೆಯ ಚೆಕ್ ಬೌನ್ಸ್ ಆದರೂ ಕ್ರಿಮಿನಲ್ ಕೇಸು ನಡೆಯಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಬಿಡುವ ದಿನ ಕ್ಲೇಮಿನ ಲೆಕ್ಕ ಬಾಕಿಯಿದ್ದು ಚೆಕ್ಕು ಅವರ ಕಪಾಟಿನಲ್ಲಿದ್ದರೆ ಮಾತುಕತೆಯಲ್ಲಿ ನಿಮ್ಮ ಕೈ ಕೆಳಗೆ. ಚೆಕ್ಕಿನ ನಂಬರ್, ಬ್ಯಾಂಕು, ಯಾವ ಬಾಕಿಗೆ ಮತ್ತು ಎಷ್ಟು ಮೊತ್ತದವರೆಗೆ ಬಳಸಬಹುದು, ಎಷ್ಟು ದಿನದೊಳಗೆ ಹಿಂತಿರುಗಿಸಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ. ನೀವು ಕ್ಲೇಮುಗಳ ಪಟ್ಟಿ ಕೊಟ್ಟ 45 ದಿನದೊಳಗೆ ಲೆಕ್ಕ ಚುಕ್ತಾ ಆಗಿ ಠೇವಣಿ ಬರಬೇಕು ಎಂಬುದನ್ನೂ ಅದರ ಕೆಳಗೇ ಸೇರಿಸಿ.

ಏಜೆನ್ಸಿ ಮಾತುಕತೆ ಈಗ ನಡೆಯುತ್ತಿದ್ದರೆ ಕರಾರಿನ ಕರಡನ್ನು ಸಹಿಗೆ ಒಂದು ವಾರ ಮೊದಲೇ ಮನೆಗೆ ತರಿಸಿಕೊಳ್ಳಿ, ಒಬ್ಬ ವಕೀಲರಿಗೆ ಮತ್ತು ನಿಮ್ಮ ಲೆಕ್ಕಪತ್ರ ನೋಡುವವರಿಗೆ ತೋರಿಸಿ. ಸಹಿಯಾದ ಮೇಲೆ ಕಂಪನಿಯ ಸಹಿಯೂ ಮೊಹರೂ ಇರುವ ಒಂದು ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ. ‘ಹೆಡ್ ಆಫೀಸಿನಿಂದ ಬರುತ್ತದೆ’ ಎಂದರೆ, ಅದು ಬರುವವರೆಗೆ ಠೇವಣಿ ಕಟ್ಟಬೇಡಿ.